ಭಾವನ ಲಾರಿಗೆ ನಾನು ಜಾಮೀನು ನಿಂತದ್ದು

ನನಗೆ ಇಂಗ್ಲಿಷ್ ಬರುತ್ತದೆ ಎಂಬ ಸಂಗತಿ ಬೀಜಾಡಿಯಿಂದ ಕೋಟೇಶ್ವರದವರೆಗೆ ಎಲ್ಲರಿಗೂ ಗೊತ್ತಿತ್ತು. ಗೊತ್ತಾಗುವ ಹಾಗೆ ನಾನೇ ನೋಡಿಕೊಂಡಿದ್ದೆ. ಬೊಂಬಾಯಿಯಲ್ಲಿ ಹೋಟೆಲಿನ ಗಲ್ಲೆಯ ಮೇಲೆ ಕೂತು, ರಾತ್ರಿ ಶಾಲೆಗೆ ಹೋಗಿ ಕಲಿತ ಇಂಗ್ಲಿಷ್ ಅದು. ಅಪ್ಪಯ್ಯನಿಗೆ ಕಾಲುನೋವು ಜೋರಾದ ಮೇಲೆ ಊರಿಗೆ ಬಂದು ಗದ್ದೆ ನೋಡಿಕೊಳ್ಳತೊಡಗಿದೆ. ಗದ್ದೆಯ ಕೋಣಗಳಿಗೆ ಇಂಗ್ಲಿಷ್ ಬೇಕಿರಲಿಲ್ಲ. ಹಾಗಾಗಿ ಸಿಕ್ಕಿದವರ ಮೇಲೆಲ್ಲ ಅದನ್ನು ಪ್ರಯೋಗಿಸುತ್ತಿದ್ದೆ. ಪೋಸ್ಟಿನವನಿಗೆ ಗುಡ್ ಮಾರ್ನಿಂಗ್ ಹೇಳಿ ಹೇಳಿ, ಅವನು ನಮ್ಮ ಮನೆಯ ಕಾಗದವನ್ನು ಪಕ್ಕದ ಮನೆಯಲ್ಲೇ ಕೊಟ್ಟು ಹೋಗುವಂತಾಗಿತ್ತು.

ಬ್ಯಾಂಕುಗಳು ಇನ್ನೂ ಸರ್ಕಾರದ ಕೈಗೆ ಹೋಗಿರದ ಕಾಲ. ವೈಶಾಖದ ಒಂದು ಮಧ್ಯಾಹ್ನ ಯಡ್ತರೆಯಿಂದ ಭಾವ ಬಂದರು. ನನ್ನ ಹೆಂಡತಿಯ ಅಣ್ಣ. ಅವರು ನನಗೆ ಭಾವ, ನಾನೂ ಅವರಿಗೆ ಭಾವ. ಇಬ್ಬರೂ ಒಟ್ಟಿಗೆ ಇದ್ದಾಗ ಯಾರಾದರೂ "ಭಾವ" ಎಂದರೆ ಇಬ್ಬರೂ ತಿರುಗುತ್ತಿದ್ದೆವು. ದೊಡ್ಡ ಆಳು, ದೊಡ್ಡ ಮೀಸೆ, ಮಾತು ಮಾತ್ರ ಸಣ್ಣದು. ಆ ಹೊತ್ತು ಊಟಕ್ಕೆ ಕೂತವರು ಸಾರಿಗೆ ಕೈ ಹಾಕುವ ಮೊದಲೇ ವಿಷಯ ಹೇಳಿದರು.

"ಭಾವ, ಬೈಂದೂರಂಗೆ ಒಂದ್ ಲಾರಿ ಇತ್ತ್. ಹಳ್ತೇ, ಆದ್ರೆ ಎಂಜಿನ್ ಲಾಯ್ಕಿತ್ತ್. ಹಂಚಿನ ಕಾರ್ಖಾನೆಯೋರು ಘಟ್ಟಕ್ಕೆ ಹಂಚ್ ಸಾಗ್ಸುಕೆ ಕೊಡ್ತೆ ಅಂದಿರ್. ಬ್ಯಾಂಕಂಗೆ ಸಾಲ ಆತ್ತಂಬ್ರ್, ಜಾಮೀನಿಗೊಬ್ರ್ ಬೇಕ್."

"ಜಾಮೀನಿಗೆ ನಾನೇ ಆಯ್ಕಾ? ಮತ್ಯಾರೂ ಸಿಕ್ಲಿಲ್ಯಾ?"

"ಸಿಕ್ತ್ರ್. ಆದ್ರೆ ನಿಮ್ಗೆ ಗದ್ದೆ ಇತ್ತ್, ಮತ್ತೆ..."

"ಮತ್ತೆ?"

"ಮತ್ತೆ ನಿಮ್ಗೆ ಇಂಗ್ಲಿಷ್ ಬತ್ತ್ ಅಂದೇಳಿ ಎಲ್ರಿಗೂ ಗೊತ್ತಿತ್ತಲೆ."

ಮಹರಾಯ ನನ್ನ ದೌರ್ಬಲ್ಯವನ್ನು ಸರಿಯಾಗಿ ಹಿಡಿದಿದ್ದ. ನಾನು ಆಗಲೇ ಹೂಂ ಅಂದುಬಿಟ್ಟೆ.

ಭಾವ ಮುಂಗಡ ಕೊಟ್ಟಾಗಿತ್ತು. ಲಾರಿಯ ಯಜಮಾನರು ವ್ಯಾಪಾರ ಬಿಟ್ಟು ಮಗನ ಹತ್ತಿರ ಹೊರಡುವವರು, ಆ ತಿಂಗಳು ಕಳೆದರೆ ಬೇರೆಯವರಿಗೆ ಕೊಡುತ್ತೇನೆಂದು ಖಡಾಖಂಡಿತ ಹೇಳಿದ್ದರು. ಮಳೆ ಹಿಡಿಯುವ ಮೊದಲು ಹಂಚಿಗೆ ಬೇಡಿಕೆ ಹೆಚ್ಚು. ಲಾರಿ ಈಗ ಸಿಕ್ಕಿದರೆ ಭಾವನ ಜೀವನ ನೆಟ್ಟಗಾಗುತ್ತದೆ, ತಪ್ಪಿದರೆ ಮುಂಗಡವೂ ಹೋಗುತ್ತದೆ. ಇತ್ತ ನಾನು ಜಾಮೀನು ನಿಂತು ಅವರು ಕಟ್ಟದಿದ್ದರೆ ಹೋಗುವುದು ನನ್ನ ಗದ್ದೆ. ವಿಷಯ ಇದ್ದದ್ದು ಇಷ್ಟೇ.

ಬ್ಯಾಂಕಿಗೆ ಹೊರಡುವ ದಿನ ಹೆಂಡತಿ ನನ್ನ ಅಂಗಿಗೆ ಗುಂಡಿ ಹೊಲಿಯುತ್ತ, ಹಲ್ಲಿನಲ್ಲಿ ನೂಲು ಕಚ್ಚಿಕೊಂಡೇ ಹೇಳಿದಳು.

"ಹ್ವಾಯ್, ಅಲ್ಲಿ ಹೋಯಿ ಕಾಗ್ದ ಎಲ್ಲ ಓದುಕೆ ಕೂಕಣ್ಬೇಡಿ."

"ಎಂತಕ್ಕೆ?"

"ಅಣ್ಣನ ಎದ್ರಿಗೆ ಅಣ್ಣನ ಕಾಗ್ದ ಓದ್ರೆ, ನಿಮ್ಗೆ ಅವ್ನ್ ಮೇಲೆ ನಂಬ್ಕಿ ಇಲ್ಲ ಅಂದೇಳಿ ಆತ್ತಿಲ್ಯಾ? ನಾಳೆ ನಾನ್ ತವ್ರಿಗೆ ಹ್ಯಾಂಗೆ ಹೋಪ್ದ್?"

ಅವಳು ಹೇಳಿದ್ದು ನಮ್ಮ ಕಡೆಯ ರೂಢಿಯನ್ನೇ. ಸಂಬಂಧದಲ್ಲಿ ಜಾಮೀನು ನಿಲ್ಲುವವರು ಕಾಗದ ಓದುತ್ತಿರಲಿಲ್ಲ. ಕಣ್ಣು ಬೇರೆ ಕಡೆ ಇಟ್ಟು, ಬೆರಳು ತೋರಿಸಿದಲ್ಲಿ ರುಜು ಹಾಕಿ, ಪೆನ್ನು ಮುಚ್ಚಿ, "ಆಯ್ತಾ? ಚಾ ಕುಡಿವ" ಎನ್ನುವುದೇ ದೊಡ್ಡಸ್ತಿಕೆ. ನಮ್ಮ ದೊಡ್ಡಪ್ಪ ಹಾಗೆ ಎಷ್ಟು ಜನರಿಗೆ ರುಜು ಹಾಕಿದ್ದರೆಂದು ಅವರಿಗೇ ಗೊತ್ತಿರಲಿಲ್ಲ.

ಆದರೆ ಬೇಡ ಎಂದದ್ದನ್ನು ಮಾಡುವುದರಲ್ಲಿ ನನಗೆ ಹುಟ್ಟಿನಿಂದಲೇ ಉತ್ಸಾಹ. ಬಸ್ಸಿನಲ್ಲಿ ಕುಂದಾಪುರ ಮುಟ್ಟುವುದರೊಳಗೆ ನನ್ನ ತಲೆಯಲ್ಲಿ ಒಂದು ಕುಶಾಲು ತಯಾರಾಗಿತ್ತು. ಮದುವೆಯ ದಿನ ಈ ಭಾವ ನನ್ನ ಚಪ್ಪಲಿಯನ್ನು ಬಾವಿಗಟ್ಟೆಯ ಹಿಂದೆ ಅಡಗಿಸಿ, ನಾನು ಬರಿಗಾಲಲ್ಲಿ ದಿಬ್ಬಣದ ಬಸ್ಸು ಹತ್ತುವ ಹಾಗೆ ಮಾಡಿದ್ದರು. ಅದರ ಲೆಕ್ಕ ಬಾಕಿ ಇತ್ತು. ಇಡೀ ಕರಾರನ್ನು ದೊಡ್ಡ ಸ್ವರದಲ್ಲಿ ಓದಿ, ಒಂದೊಂದೇ ಮಾತಿಗೆ ಅರ್ಥ ಹೇಳಿ, ಆ ಮೀಸೆಯಿಂದ ಬೆವರು ತೊಟ್ಟಿಕ್ಕಿಸಬೇಕು ಎಂದುಕೊಂಡೆ.

ಬ್ಯಾಂಕಿನ ಮ್ಯಾನೇಜರರನ್ನು ಆಗ ಏಜೆಂಟರು ಎನ್ನುತ್ತಿದ್ದರು. ಇವರು ಮಂಗಳೂರು ಕಡೆಯವರು, ತೆಳ್ಳಗೆ, ಬಿಳಿ ಷರ್ಟು, ಮಾತೆಲ್ಲ ಇಸ್ತ್ರಿ ಮಾಡಿಟ್ಟ ಹಾಗೆ. ಛಾಪಿಸಿದ ಕರಾರುಪತ್ರವನ್ನು ಮೇಜಿನ ಮೇಲೆ ಇಟ್ಟು ರುಜು ಹಾಕಬೇಕಾದ ಜಾಗಗಳಲ್ಲಿ ಪೆನ್ಸಿಲಿನಿಂದ ಗುರುತು ಮಾಡಿದ್ದರು.

"ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ," ಎಂದರು.

"ಒಂದ್ ನಿಮಿಷ," ಎಂದು ನಾನು ಕನ್ನಡಕ ಏರಿಸಿದೆ. ಆ ಕನ್ನಡಕ ನನ್ನದಲ್ಲ, ಅಪ್ಪಯ್ಯನದು. ಹಾಕಿದರೆ ಅಕ್ಷರ ಮಂಜಾಗುತ್ತಿತ್ತು, ಆದರೆ ಗಾಂಭೀರ್ಯ ಬರುತ್ತಿತ್ತು. "ಇಂಗ್ಲಿಷ್ ಅಭ್ಯಾಸ ತಪ್ಪಿ ಹೋಯ್ತ್. ಸ್ವಲ್ಪ ಓದ್ತೆ."

ಭಾವನ ಮುಖ ಬಿಗಿಯಿತು. ಏಜೆಂಟರು ಕುರ್ಚಿಗೆ ಒರಗಿ, "ಓದಿ, ಓದಿ. ನಾನು ಈ ಕುರ್ಚಿಗೆ ಬಂದ ಮೇಲೆ ಜಾಮೀನುದಾರರು ಯಾರೂ ಓದಿದ್ದಿಲ್ಲ ಮಾರಾಯ್ರೆ," ಎಂದರು.

ನಾನು ಕನ್ನಡಕ ಮೂಗಿನ ತುದಿಗೆ ಇಳಿಸಿ ಮೇಲಿಂದ ಓದಿದೆ. ಒಂದು ವಾಕ್ಯ ಇಂಗ್ಲಿಷಿನಲ್ಲಿ, ಅದರ ಮೇಲೆ ನಮ್ಮ ಭಾಷೆಯಲ್ಲಿ ಅರ್ಥ.

"ಭಾವ, ಕೇಣಿ. ಒಂದ್ ಕಂತ್ ವಾಯ್ದೆ ದಿನ ಕಟ್ದೆ ಇದ್ರೆ ಸಾಕಂಬ್ರ್, ಉಳ್ದ ಕಂತೆಲ್ಲ ಬ್ಯಾಂಕಿನೋರು ಒಟ್ಟಿಗೇ ಕೇಂಬುಕಾತ್ತಂಬ್ರ್. ಲಾರಿ ಎಳ್ಕಂಡ್ ಹೋಯಿ ಮಾರುಕಾತ್ತಂಬ್ರ್."

"ಹೂಂ."

"ವಿಮೆ ಕಟ್ದೆ ಇದ್ರೂ ತಪ್ಪೇ. ಬ್ಯಾಂಕಿಗೆ ಹೇಳ್ದೆ ಲಾರಿ ಮಾರ್ರೂ ತಪ್ಪೇ. ಹಳೆ ಲಾರಿ ಅಂದೇಳಿ ಘಟ್ಟದಂಗೆ ಬಿಟ್ಟಿಕ್ಕಿ ಬಪ್ಪುಕಾಗ, ಗೊತ್ತಾಯ್ತಾ?"

"ನಾನ್ ಎಂತಕ್ಕೆ ಬಿಟ್ಟಿಕ್ಕಿ ಬತ್ತೆ ಭಾವ?" ಎಂದು ಅವರು ಹೆಗಲ ಮೇಲಿನ ಚೌಕದಿಂದ ಕುತ್ತಿಗೆ ಒರೆಸಿಕೊಂಡರು. ಚಪ್ಪಲಿಯ ಸಾಲ ಅರ್ಧ ತೀರಿತು ಎಂದು ನನಗೆ ಸಂತೋಷವಾಯಿತು. ಪಕ್ಕದ ಗುಮಾಸ್ತರು ಬರೆಯುವುದು ನಿಲ್ಲಿಸಿ ಕೇಳುತ್ತಿದ್ದರು. ಕೇಳುವವರು ಹೆಚ್ಚಾದ ಹಾಗೆ ನನ್ನ ಸ್ವರವೂ ಏರಿತು.

ಮುಂದಿನ ಪುಟದಲ್ಲಿ ಜಾಮೀನಿನ ಮಾತು ಬಂತು. ಅಲ್ಲಿ ನನ್ನ ಸ್ವರ ಸ್ವಲ್ಪ ಇಳಿಯಿತು. ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಬ್ಯಾಂಕು ಸಾಲಗಾರನನ್ನು ಬಿಟ್ಟು ನೇರವಾಗಿ ಜಾಮೀನುದಾರನಿಂದಲೇ ವಸೂಲು ಮಾಡಬಹುದು. ಸಾಲಗಾರನಿಗೆ ಬ್ಯಾಂಕು ವಾಯಿದೆ ಹೆಚ್ಚಿಸಿಕೊಟ್ಟರೂ ಜಾಮೀನು ಬಿಡುಗಡೆಯಾಗುವುದಿಲ್ಲ.

"ಅಲ್ದಾ ಏಜೆಂಟ್ರೆ," ಎಂದೆ, "ಮೊದ್ಲ್ ಲಾರಿ ಮಾರಿ, ಸಾಲ್ದೆ ಇದ್ರೆ ಆಮೇಲೆ ನನ್ ಮನೆ ಬಾಗ್ಲಿಗೆ ಬಪ್ದಲ್ದಾ?"

"ಹಾಗೆ ಎಲ್ಲರೂ ತಿಳಿದುಕೊಳ್ಳುವುದು," ಎಂದರು ಏಜೆಂಟರು. "ಇಲ್ಲ. ನಾವು ಬೇಕಾದರೆ ಮೊದಲು ನಿಮ್ಮ ಮನೆಗೇ ಬರಬಹುದು. ಕಾನೂನೇ ಹಾಗೆ ಉಂಟು. ಇನ್ನೊಂದು ನೋಡಿ, ಕೆಳಗೆ. ಇದು ಮುಂದುವರಿಯುವ ಜಾಮೀನು. ನಾಳೆ ಇವರು ಇದೇ ಬ್ಯಾಂಕಿನಲ್ಲಿ ಎರಡನೇ ಲಾರಿಗೆ ಸಾಲ ತೆಗೆದರೆ ಅದಕ್ಕೂ ಈ ರುಜು ಸಲ್ಲುತ್ತದೆ."

"ನನ್ನತ್ರ ಕೇಣ್ದೆಯಾ?"

"ಇನ್ನು ಮುಂದಿನ ಸಾಲಕ್ಕೆ ನಾನಿಲ್ಲ ಎಂದು ನೀವು ಬರೆದು ಕೊಡುವವರೆಗೆ."

ಭಾವ ಮೇಜಿನ ಮೇಲಿದ್ದ ಶಾಯಿಯ ಕುಡಿಕೆಯನ್ನು ನೋಡುತ್ತ ಕೂತಿದ್ದರು. ಎದ್ದು ಹೋಗುವ ಮುಖ ಅದು. ಬೇರೆ ಯಾರಾದರೂ ಆಗಿದ್ದರೆ ಎದ್ದೇ ಹೋಗುತ್ತಿದ್ದರು, ನನ್ನ ಹೆಂಡತಿಯ ತವರು ಅಲ್ಲಿಗೆ ಮುಗಿಯುತ್ತಿತ್ತು. ಅವರು ಕೂತೇ ಇದ್ದರು. ನಾನೂ ನಿಲ್ಲಿಸಲಿಲ್ಲ, ಕುಶಾಲಿನ ಮದ ಇನ್ನೂ ಇಳಿದಿರಲಿಲ್ಲ.

"ಇನ್ನೊಂದಿತ್ತ್ ಕಾಣಿ ಭಾವ. ಇದ್ ನಿಮ್ಗೇ ಬರ್ದದ್ದ್. ಈ ಸಾಲದ ಕಂತ್ ಸರಿ ಕಟ್ರೂ, ಬೇರೆ ಕಡೆ ಸಾಲ ವಾಯ್ದೆಗೆ ಕಟ್ದೆ ಇದ್ರೆ, ಬೇರೆ ಬ್ಯಾಂಕಂಗಾಯ್ಲಿ, ಸೊಸೈಟಿಯಂಗಾಯ್ಲಿ, ಅದೂ ಇಲ್ಲಿ ತಪ್ದ ಲೆಕ್ಕವೇ ಅಂಬ್ರ್. ಆಗ್ಲೂ ಇಡೀ ಸಾಲ ಒಟ್ಟಿಗೇ ಕೇಂಬುಕಾತ್ತಂಬ್ರ್. ಬೇರೆ ಕಡೆ ಸಾಲ ಇತ್ತಾ?"

"ಇಲ್ಲ ಭಾವ. ದೇವ್ರಾಣೆ ಇಲ್ಲ."

"ಹಾಂಗಾರೆ ನೀವ್ ಬಚಾವ್. ಸಾಲಗಾರನಾಗಲಿ..." ಎಂದು ಆ ವಾಕ್ಯವನ್ನು ಮೊದಲಿನಿಂದ ಮತ್ತೊಮ್ಮೆ ಗತ್ತಿನಿಂದ ಓದತೊಡಗಿದವನು ಅಲ್ಲಿಗೇ ನಿಂತೆ. ಸಾಲಗಾರನಾಗಲಿ ಎಂಬುದರ ಮುಂದೆ "ಜಾಮೀನುದಾರನಾಗಲಿ" ಎಂದಿತ್ತು. ಅಪ್ಪಯ್ಯನ ಕನ್ನಡಕ ತೆಗೆದು ಬರಿಗಣ್ಣಿನಲ್ಲಿ ನೋಡಿದೆ. ಆಗಲೂ ಇತ್ತು.

"ಹ್ವಾಯ್, ಎಂತಕ್ಕೆ ನಿಲ್ಸದ್ರಿ?" ಎಂದರು ಭಾವ.

"ಭಾವ, ಇದ್ರಂಗೆ ನಾನೂ ಇದ್ದೆ."

ನಮ್ಮ ಊರಿನ ಸೊಸೈಟಿಯಲ್ಲಿ ನನ್ನದೊಂದು ಬೆಳೆಸಾಲ ಇತ್ತು. ವಾಯಿದೆ ಮಾರ್ಚಿ ಕೊನೆಗೆ. ಮಾರ್ಚಿಯಲ್ಲಿ ಯಾರೂ ಕಟ್ಟುತ್ತಿರಲಿಲ್ಲ. ಅಕ್ಕಿಯನ್ನು ಬೈಹುಲ್ಲಿನ ಮುಡಿ ಕಟ್ಟಿ ಅಟ್ಟದಲ್ಲಿಟ್ಟು, ಆಸಾಡಿ ತಿಂಗಳ ಮಳೆಯಲ್ಲಿ ದರ ಏರಿದ ಮೇಲೆ ಮಾರಿ, ಆಮೇಲೆ ಸೊಸೈಟಿಗೆ ಕಟ್ಟುವುದು ನಮ್ಮ ಊರಿನ ಬುದ್ಧಿವಂತಿಕೆ. ತಡವಾದದ್ದಕ್ಕೆ ಹಾಕುವ ಬಡ್ಡಿಗಿಂತ ದರದ ಲಾಭ ಹೆಚ್ಚು. ಸೊಸೈಟಿಯ ಸೆಕ್ರೆಟರಿಯೂ ಹಾಗೇ ಮಾಡುತ್ತಿದ್ದರು. ಅದನ್ನು ಬಾಕಿ ಎಂದು ನಮ್ಮಲ್ಲಿ ಯಾರೂ ಕರೆದದ್ದೇ ಇಲ್ಲ. ಬಾಕಿ ಎಂದರೆ ಓಡಿಹೋದವನದು. ನಾವು ಮನೆಯಲ್ಲೇ ಇದ್ದೆವಲ್ಲ!

ಏಜೆಂಟರಿಗೆ ಇದನ್ನು ಹೇಳಿದೆ. ಹೇಳದೆ ಇರಬಹುದಿತ್ತು, ಆದರೆ ಅಷ್ಟು ಹೊತ್ತು ಅಷ್ಟು ದೊಡ್ಡ ಸ್ವರದಲ್ಲಿ ಓದಿದವನಿಗೆ ಒಮ್ಮೆಗೇ ಬಾಯಿ ಮುಚ್ಚಲು ಬರಲಿಲ್ಲ.

ಅವರು ನಗಲಿಲ್ಲ. ಕಾಗದವನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. "ಹಾಗಾದರೆ ಇವತ್ತು ನೀವು ರುಜು ಹಾಕಿದರೆ ಈ ಸಾಲ ಹುಟ್ಟುವಾಗಲೇ ತಪ್ಪಿದ ಸಾಲ. ಬ್ಯಾಂಕು ಕೇಳಿಯೇ ಕೇಳುತ್ತದೆ ಅಂತ ಅಲ್ಲ. ಕೇಳಬಹುದು. ಆದರೆ ಕೊನೆಯಲ್ಲಿ ಒಂದು ಹೇಳಿಕೆ ಉಂಟಲ್ಲ, ನನ್ನ ಯಾವ ಸಾಲವೂ ವಾಯಿದೆ ಮೀರಿಲ್ಲ ಎಂದು. ಅದರ ಕೆಳಗೆ ರುಜು ಹಾಕಿದರೆ ಅದು ಸುಳ್ಳು. ನಾಳೆ ಯಾರಾದರೂ ಹೆಡ್ ಆಫೀಸಿನವರು ಬಂದು ನೋಡಿದರೆ ಇವರ ಲಾರಿಗೆ ಕುತ್ತು."

ಇವರ ಲಾರಿಗೆ. ನಾನು ಅಲ್ಲಿಯವರೆಗೆ ಭಾವನಿಂದ ನನ್ನ ಗದ್ದೆಗೆ ಏನಾದೀತು ಎಂದು ಓದುತ್ತಿದ್ದೆ. ನನ್ನ ಅಟ್ಟದ ಅಕ್ಕಿಯಿಂದ ಅವರ ಲಾರಿ ಹೋದೀತು ಎಂಬುದು ಕನಸಿನಲ್ಲೂ ಬಂದಿರಲಿಲ್ಲ.

ಈಗ ಭಾವ ಮಾತಾಡುತ್ತಾರೆ, ಇಡೀ ಬ್ಯಾಂಕು ಕೇಳುವ ಹಾಗೆ ಬೈಯುತ್ತಾರೆ, ಅದಕ್ಕೆ ಅವರಿಗೆ ಪೂರ್ತಿ ಹಕ್ಕಿದೆ ಎಂದು ತಲೆ ಬಗ್ಗಿಸಿದೆ. ಮೇಜು ಅಲ್ಲಾಡತೊಡಗಿತು. ನೋಡಿದರೆ ಭಾವ ನಗುತ್ತಿದ್ದರು. ಸದ್ದಿಲ್ಲದೆ, ಹೊಟ್ಟೆ ಕುಣಿಸಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ.

"ಓದಿ ಭಾವ, ಓದಿ," ಎಂದರು. "ಗಟ್ಟಿಯಾಯ್ ಓದಿ! ಅಲ್ಲಿದ್ದೋರಿಗೂ ಕೇಣ್ಕ್!"

ಗುಮಾಸ್ತರೂ ನಕ್ಕರು. ಕಡೆಗೆ ಏಜೆಂಟರೂ.

ನಕ್ಕಾದ ಮೇಲೆ ಏಜೆಂಟರು ಮಾಡಿದ ಕೆಲಸವನ್ನು ನಾನು ಇವತ್ತಿಗೂ ನೆನೆಯುತ್ತೇನೆ. ಅವರು ನಮ್ಮನ್ನು ಕಳಿಸಿ ಬೇರೆ ಜಾಮೀನು ತನ್ನಿ ಎನ್ನಬಹುದಿತ್ತು. ಹಾಗೆ ಮಾಡದೆ ಚಾ ತರಿಸಿ, ಒಂದು ಖಾಲಿ ಹಾಳೆ ತೆಗೆದುಕೊಂಡು, "ನಿಮಗೆ ಏನೆಲ್ಲ ಬದಲಾಗಬೇಕು ಹೇಳಿ. ಛಾಪಿಸಿದ್ದನ್ನು ತಿದ್ದುವ ಅಧಿಕಾರ ನನಗಿಲ್ಲ. ಹೆಡ್ ಆಫೀಸಿಗೆ ಬರೆಯುತ್ತೇನೆ," ಎಂದರು.

ನಾನು ಕೇಳಿದೆ: ಜಾಮೀನು ಈ ಲಾರಿಯ ಸಾಲ ಮತ್ತು ಅದರ ಬಡ್ಡಿಗೆ ಮಾತ್ರ ಇರಲಿ, ಮುಂದಿನ ಸಾಲಕ್ಕೆ ಬೇಡ. ಕಂತು ತಪ್ಪಿದರೆ ಇಡೀ ಸಾಲ ಕೇಳುವ ಮೊದಲು ಇಬ್ಬರ ಮನೆಗೂ ನೋಟೀಸು ಬರಲಿ, ಸರಿಮಾಡಲು ಹದಿನೈದು ದಿನ ಸಿಗಲಿ. ಬೇರೆ ಸಾಲದ ಮಾತಿನಲ್ಲಿ ಜಾಮೀನುದಾರನ ಹೆಸರು ಹೊಡೆದು ಹಾಕಲಿ.

"ಮೊದಲಿನ ಎರಡು ಬರೆಯುತ್ತೇನೆ," ಎಂದರು ಏಜೆಂಟರು. "ಮೂರನೆಯದು ಬರೆದರೆ ನನಗೇ ನಗುತ್ತಾರೆ. ನೀವು ಬೇರೆ ಕಡೆ ಮುಳುಗುತ್ತಿದ್ದರೆ ನಮಗೆ ಗೊತ್ತಾಗಬೇಡವೇ? ನಿಮ್ಮನ್ನು ನಂಬಿ ತಾನೇ ಇವರಿಗೆ ಕೊಡುವುದು? ಸೊಸೈಟಿಗೆ ಕಟ್ಟಿ ರಶೀದಿ ತನ್ನಿ."

ನ್ಯಾಯವಾದ ಮಾತು. ನ್ಯಾಯವಾದ ಮಾತು ಕೇಳಿದಾಗ ನನಗೆ ಸಿಟ್ಟು ಬರುತ್ತದೆ, ಆದರೆ ಅವತ್ತು ಬರಲಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. "ಓದ್ಬೇಡಿ ಅಂದಿದ್ನಲೆ," ಎಂದು ಶುರುಮಾಡಿದವಳು ಪೂರ್ತಿ ಕೇಳಿದ ಮೇಲೆ ಏಣಿ ತಂದು ಅಟ್ಟಕ್ಕೆ ಒರಗಿಸಿದಳು. ಮುಡಿಗಳನ್ನು ಇಳಿಸಬೇಕು ಎಂದರ್ಥ. ವೈಶಾಖದ ದರಕ್ಕೆ ಮಾರುವುದು ನೆನೆದರೆ ಹೊಟ್ಟೆ ಉರಿಯುತ್ತಿತ್ತು. ಆದರೂ ಮಾರನೇ ದಿನ ಬೆಳಿಗ್ಗೆ ಗಾಡಿಯವನಿಗೆ ಹೇಳಿ ಕಳಿಸಿದೆ.

ಗಾಡಿ ಬರುವ ಮೊದಲು ಭಾವ ಬಂದರು, ಮೊದಲ ಬಸ್ಸಿಗೆ. ಅಂಗಳದಲ್ಲಿ ಇಳಿಸಿಟ್ಟ ಮುಡಿಗಳನ್ನು ನೋಡಿದರು.

"ಇದೆಂತ?"

"ನಿಮ್ ಲಾರಿ," ಎಂದೆ.

"ವಾಪಾಸ್ ಮೇಲೆ ಹಾಕಿ." ಚೌಕದ ತುದಿಯ ಗಂಟು ಬಿಚ್ಚಿ ನೋಟುಗಳನ್ನು ಜಗಲಿಯ ಮೇಲೆ ಇಟ್ಟರು. "ಲಾರಿಗೆ ಟಯರ್ ಹಾಕುಕಂದೇಳಿ ಇಟ್ಟದ್ದ್. ಹಳೆ ಟಯರ್ ಇನ್ನೊಂದ್ ಮಳೆಗಾಲ ಓಡತ್ತ್. ಸೊಸೈಟಿಗೆ ಕಟ್ಟಿ. ಆಸಾಡಿಯಂಗೆ ಅಕ್ಕಿ ಮಾರಿ ನಂಗೆ ಕೊಡಿ."

"ಭಾವ, ಜಾಮೀನ್ ಕೇಂಬುಕೆ ಬಂದೋರು ಜಾಮೀನ್ದಾರನಿಗೇ ಸಾಲ ಕೊಡೂದಾ? ಬಡ್ಡಿ ಎಷ್ಟ್?"

"ಆಸಾಡಿವರೆಗೆ ಇಂಗ್ಲಿಷ್ ಮಾತಾಡುಕಾಗ. ಅಷ್ಟೇ ಬಡ್ಡಿ."

ನನ್ನ ಜೀವನದಲ್ಲಿ ಕಟ್ಟಿದ ಅತಿ ದುಬಾರಿ ಬಡ್ಡಿ ಅದು.

ಸೊಸೈಟಿಯ ಸೆಕ್ರೆಟರಿಗೆ ನಾನು ಹಣ ಚಾಚಿದಾಗ ಅವರು ರಶೀದಿ ಪುಸ್ತಕ ತೆಗೆಯುವ ಬದಲು ನನ್ನ ಮುಖ ನೋಡಿದರು. "ಎಂತ ಮಾರಾಯ್ರೆ, ಮನ್ಯಂಗೆ ಎಲ್ಲ ಆರಾಮಲ್ದಾ? ಜಾಗ ಮಾರ್ತ್ರಿಯಾ?" ಮೇ ತಿಂಗಳಲ್ಲಿ ಸಾಲ ಕಟ್ಟುವ ಮನುಷ್ಯನಿಗೆ ಏನೋ ಆಗಿರಬೇಕು ಎಂದು ಅವರು ನಂಬಿದ್ದರು. ಸಂಜೆಯೊಳಗೆ ಇಬ್ಬರು ಬಂದು ಅಪ್ಪಯ್ಯನ ಕಾಲುನೋವು ವಿಚಾರಿಸಿಕೊಂಡು ಹೋದರು.

ಹೆಡ್ ಆಫೀಸಿನ ಉತ್ತರ ಬರಲು ತಡವಾಯಿತು. ಲಾರಿಯ ಯಜಮಾನರ ವಾಯಿದೆ ಮುಗಿಯುವುದಕ್ಕೆ ಬಂದಿತ್ತು. ಭಾವ ಬೈಂದೂರಿಗೆ ಹೋಗಿ, ಎಂದೂ ಯಾರ ಹತ್ತಿರವೂ ಕೇಳದ ಮನುಷ್ಯ, ಅವರ ಜಗಲಿಯಲ್ಲಿ ಕೂತು ಇನ್ನೊಂದು ವಾರ ಕೇಳಿಕೊಂಡು ಬಂದರು. ನನ್ನ ಮುಂದೆ ಅದನ್ನು ಆಡಲೇ ಇಲ್ಲ, ನನಗೆ ಗೊತ್ತಾದದ್ದು ಅಕ್ಕನಿಂದ, ಅಂದರೆ ಅವರ ಹೆಂಡತಿಯಿಂದ. ಆ ವಾರದೊಳಗೆ ಏಜೆಂಟರು ಕರೆಸಿದರು. ನಾವು ಕೇಳಿದ ಎರಡೂ ಮಾತುಗಳನ್ನು ಬೆರಳಚ್ಚು ಮಾಡಿ ಕರಾರಿಗೆ ಸೇರಿಸಿದ್ದರು. ನಾನು ಮತ್ತೆ ಪೂರ್ತಿ ಓದಿದೆ, ಈ ಬಾರಿ ಮನಸ್ಸಿನಲ್ಲೇ. ಇಂಗ್ಲಿಷ್ ಮಾತಾಡಬಾರದು ಎಂಬ ಕರಾರೂ ಇತ್ತಲ್ಲ. ರುಜು ಹಾಕಿದೆ.

ಎರಡನೇ ವರ್ಷದ ಮಳೆಗಾಲದಲ್ಲಿ ಬ್ಯಾಂಕಿನಿಂದ ನನಗೆ ರಿಜಿಸ್ಟರು ಕಾಗದ ಬಂತು. ಭಾವನ ಒಂದು ಕಂತು ಬಂದಿಲ್ಲ, ಹದಿನೈದು ದಿನದೊಳಗೆ ಕಟ್ಟದಿದ್ದರೆ ಸಾಲವನ್ನೆಲ್ಲ ಕೇಳಬೇಕಾದೀತು. ನಾನು ಕೊಡೆ ಹಿಡಿದು ಯಡ್ತರೆಗೆ ಹೋದೆ. ಲಾರಿ ಅಂಗಳದ ಆಚೆ ಎಂಜಿನ್ ಬಿಚ್ಚಿಸಿಕೊಂಡು ನಿಂತಿತ್ತು. ಭಾವ ಜಗಲಿಯಲ್ಲಿ ಕೂತಿದ್ದರು, ಮೀಸೆ ಕೂಡ ಇಳಿಬಿದ್ದಿತ್ತು. ಅವರ ಕೈಯಲ್ಲೂ ಅದೇ ನೋಟೀಸು.

"ನಿಮ್ಗೂ ಬಂತಾ?" ಎಂದರು. ನಾಚಿಕೆಯಿಂದ ಸಿಟ್ಟಾಗಿದ್ದರು. "ನಿಮ್ಗೆ ಗೊತ್ತಪ್ಪುದ್ ಬೇಡ ಅಂದೇಳಿ ಇದ್ದೆ. ಎಂಜಿನ್ ರಿಪೇರಿಗೆ ಎಲ್ಲಾ ದುಡ್ಡೂ ಹೋಯ್ತ್."

"ಗೊತ್ತಾಯ್ಕಂದೇಳಿಯೇ ಬರ್ಸದ್ದಲ್ದಾ? ನೀವ್ ಬಾಯ್ ಬಿಡುದಿಲ್ಲ ಅಂದೇಳಿ ನಂಗ್ ಗೊತ್ತಿಲ್ಯಾ?"

"ಅದಕ್ಕೆ ಬರ್ಸದ್ದಾ?"

"ಮತ್ತೆ! ನನ್ ತಲೆ ಅಂದ್ರೆ ಎಂತ ತಿಳ್ಕಂಡಿದ್ರಿ?"

ಸುಳ್ಳು. ಬ್ಯಾಂಕಿನಲ್ಲಿ ಕೂತು ಅದನ್ನು ಕೇಳುವಾಗ ನಾನು ನನ್ನ ಗದ್ದೆಯೊಂದನ್ನೇ ನೆನೆದಿದ್ದೆ. ಆದರೆ ಆ ಹೊತ್ತಿಗೆ ನನಗೆ ಹೊಳೆದ ಅತಿ ಒಳ್ಳೆಯ ಸುಳ್ಳು ಅದು. ಭಾವ ನಂಬಿದರು. ನಂಬಿ, ಎಷ್ಟೋ ದಿನದ ಮೇಲೆ ಮುಖ ಎತ್ತಿದರು.

ಕಂತಿಗೆ ಬೇಕಾದದ್ದು ನನ್ನ ಹತ್ತಿರ ಇತ್ತು. ಕರಾರಿಗೆ ಹೆದರಿ, ಸ್ವಲ್ಪ ಅಕ್ಕಿ ಮಾರಿ, ಸೊಸೈಟಿಯ ಸಾಲವನ್ನು ಆ ವರ್ಷ ಮಾರ್ಚಿಯಲ್ಲೇ ತೀರಿಸಿದ್ದೆ. ಹಾಗಾಗಿ ಆಸಾಡಿಯ ಅಕ್ಕಿಯ ಹಣ ನನ್ನದಾಗಿಯೇ ಉಳಿದಿತ್ತು. ಇಬ್ಬರೂ ಒಂದೇ ಕೊಡೆಯಲ್ಲಿ ಬಸ್ಸಿಗೆ ನಡೆದೆವು, ಅವರ ದೊಡ್ಡ ಮೈಯಿಂದಾಗಿ ನಾನು ಪೂರ್ತಿ ಒದ್ದೆಯಾದೆ. ಕುಂದಾಪುರದಲ್ಲಿ ಕಂತು ಕಟ್ಟಿದೆವು. ಏಜೆಂಟರು ನಮ್ಮ ಎದುರಿಗೇ ಕಡತದಲ್ಲಿ ಬಾಕಿ ತೀರಿತೆಂದು ಬರೆದು, ನನ್ನ ಅಂಗಿಯಿಂದ ಸುರಿಯುತ್ತಿದ್ದ ನೀರು ನೋಡಿ ಚಾ ತರಿಸಿದರು.

ಮಳೆ ನಿಂತು ಘಟ್ಟದ ದಾರಿ ತೆರೆದ ಮೇಲೆ ಲಾರಿ ಮತ್ತೆ ಹಂಚು ಹೊತ್ತಿತು. ನಾನು ಕೊಟ್ಟದ್ದನ್ನು ಭಾವ ದೀಪಾವಳಿಯ ಹೊತ್ತಿಗೆ ತಂದರು. ಜಗಲಿಯಲ್ಲಿ ಇಟ್ಟು, ಬಡ್ಡಿ ಎಷ್ಟು ಎಂದು ಕೇಳಿದರು. ನನಗೆ ಎಂಥೆಂಥ ಕುಶಾಲುಗಳೋ ಹೊಳೆದವು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಅಣ್ಣನನ್ನು ಹೆಮ್ಮೆಯಿಂದ ನೋಡುತ್ತಿದ್ದುದನ್ನು ಕಂಡು, ಆ ಒಂದು ಸಲಕ್ಕೆ ಬಾಯಿ ಮುಚ್ಚಿಕೊಂಡು ಅವರಿಗೆ ಊಟಕ್ಕೆ ಎಲೆ ಹಾಕಲು ಹೇಳಿದೆ.